ಒಂದೇ ಗೇಜನ್ನು ನಂಬಿದ ಟ್ಯಾಂಕ್

2005ರ ಡಿಸೆಂಬರ್ 11, ಭಾನುವಾರ. ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲ ಡಿಪೋದಲ್ಲಿ 912ನೇ ಟ್ಯಾಂಕಿಗೆ ರಾತ್ರಿಯಿಡೀ ಪೆಟ್ರೋಲ್ ತುಂಬುತ್ತಿತ್ತು. ಬೆಳಗಿನ ಜಾವ ಮೂರರ ಸುಮಾರಿಗೆ ಮಟ್ಟ ಅಳೆಯುವ ಗೇಜ್ ಸಿಕ್ಕಿಹಾಕಿಕೊಂಡಿತು. ಪೆಟ್ರೋಲ್ ಏರುತ್ತಲೇ ಇತ್ತು, ಪರದೆಯ ಮೇಲಿನ ಅಂಕಿ ಮಾತ್ರ ಕದಲಲಿಲ್ಲ. ಅಲಾರಂಗಳಿಗೂ ಅದೇ ಗೇಜ್ ಆಧಾರವಾಗಿದ್ದರಿಂದ ಒಂದೂ ಬಡಿದುಕೊಳ್ಳಲಿಲ್ಲ. ಕೊನೆಯ ಕಾವಲಿಗೆಂದು ಪ್ರತ್ಯೇಕ ಸ್ವಿಚ್ ಇತ್ತು. ಅದನ್ನು ಪರೀಕ್ಷಿಸುವ ಲಿವರ್ ಸರಿಯಾದ ಜಾಗದಲ್ಲಿ ನಿಲ್ಲಬೇಕಾದರೆ ಒಂದು ಬೀಗ ಹಾಕಬೇಕಿತ್ತು, ಅದನ್ನು ಹಾಕಿರಲಿಲ್ಲ. ಆರು ಗಂಟೆಗೆ ಪೆಟ್ರೋಲ್ ಆವಿ ಸ್ಫೋಟಿಸಿ 43 ಜನ ಗಾಯಗೊಂಡರು.

ಇಂಥ ಅಪಾಯಗಳನ್ನು ಮೊದಲೇ ಹುಡುಕುವ ವಿಧಾನವೇ ಹ್ಯಾಝಾಪ್. ಸ್ಥಾವರ ನಡೆಸುವವರು, ರಿಪೇರಿಯವರು, ಎಂಜಿನಿಯರುಗಳು ನಕ್ಷೆಯ ಮುಂದೆ ಕೂತು ಪ್ರತಿ ಪೈಪು, ಪ್ರತಿ ಟ್ಯಾಂಕಿಗೂ ಕೇಳುತ್ತಾರೆ: ಮಟ್ಟ ಹೆಚ್ಚಾದರೆ? ಹರಿವು ನಿಂತರೆ? ಹಿಮ್ಮುಖವಾದರೆ? ‘ಮಟ್ಟ ಹೆಚ್ಚು, ಕಾರಣ ಗೇಜ್ ಕೆಟ್ಟದ್ದು, ಪರಿಣಾಮ ಬೆಂಕಿ’ ಎಂದು ದಾಖಲಾಗುತ್ತದೆ. ಆದರೆ ಎಷ್ಟು ರಕ್ಷಣೆ ಬೇಕು ಎಂಬ ಲೆಕ್ಕ ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಲೋಪಾ, ಅಂದರೆ ರಕ್ಷಣಾ ಪದರಗಳ ವಿಶ್ಲೇಷಣೆ.

ಉದಾಹರಣೆಗೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಗೇಜ್ ಹತ್ತು ವರ್ಷಕ್ಕೊಮ್ಮೆ ಕೆಡುತ್ತದೆ. ಟ್ಯಾಂಕ್ ಉಕ್ಕಿದಾಗ ಬೆಂಕಿ ಹತ್ತಿ, ಆ ಹೊತ್ತಿಗೆ ಅಲ್ಲಿ ಜನರೂ ಇರುವ ಸಂಭವ ಐವತ್ತರಲ್ಲಿ ಒಂದು. ಹಾಗಾದರೆ 500 ವರ್ಷಕ್ಕೊಮ್ಮೆ ಸಾವು. ಕಂಪನಿ ಸಹಿಸಲು ಒಪ್ಪಿದ ಮಿತಿ ಒಂದು ಲಕ್ಷ ವರ್ಷಕ್ಕೊಮ್ಮೆ. ಕೊರತೆ 200 ಪಟ್ಟು. ಮಟ್ಟ ಮಿತಿ ಮೀರಿದ ಕೂಡಲೇ ವಾಲ್ವ್ ಮುಚ್ಚುವ ಸ್ವಯಂಚಾಲಿತ ವ್ಯವಸ್ಥೆ ಅಷ್ಟನ್ನೂ ತುಂಬಿಕೊಡಬೇಕು. ನೂರರಿಂದ ಸಾವಿರ ಪಟ್ಟು ತಗ್ಗಿಸುವ ಈ ದರ್ಜೆಗೆ ಸಿಲ್ 2 ಎನ್ನುತ್ತಾರೆ.

ಇಲ್ಲೇ ಎಡವುವುದು. ‘ಅಲಾರಂ ಇದೆ, ಆಪರೇಟರ್ ನೋಡಿಕೊಳ್ಳುತ್ತಾನೆ’ ಎಂದು ಯಾರೋ ಹತ್ತು ಪಟ್ಟು ರಕ್ಷಣೆಯನ್ನು ಲೆಕ್ಕಕ್ಕೆ ಸೇರಿಸುತ್ತಾರೆ. 200 ಇದ್ದದ್ದು 20ಕ್ಕೆ ಇಳಿಯುತ್ತದೆ, ಅಗ್ಗದ ಸಿಲ್ 1 ಸಾಕೆನಿಸುತ್ತದೆ. ಆದರೆ ಅಲಾರಂ ಕೆಟ್ಟ ಗೇಜಿನಿಂದಲೇ ಬರುವುದಾದರೆ ಅದು ಪದರವೇ ಅಲ್ಲ. ಗೇಜ್ ಕೆಟ್ಟಾಗ ಅಲಾರಮ್ಮೂ ಕೆಟ್ಟಿರುತ್ತದೆ. ಅದಕ್ಕೆ ಸೊನ್ನೆ ಅಂಕ ಕೊಡಬೇಕು.

ಪ್ರತ್ಯೇಕ ಸ್ವಿಚ್ ಹಾಕಿದರೂ ಕೆಲಸ ಮುಗಿಯುವುದಿಲ್ಲ. ಸ್ವಿಚ್, ನಿಯಂತ್ರಕ, ವಾಲ್ವ್ ಮೂರೂ ಸೇರಿ ಸದ್ದಿಲ್ಲದೆ ಕೆಡುವ ಸಂಭವ ವರ್ಷಕ್ಕೆ ನೂರರಲ್ಲಿ ಎರಡು ಎಂದುಕೊಳ್ಳಿ. ವರ್ಷಕ್ಕೊಮ್ಮೆ ಪರೀಕ್ಷಿಸಿದರೆ, ದೋಷ ಸರಾಸರಿ ಆರು ತಿಂಗಳು ಬಚ್ಚಿಟ್ಟುಕೊಂಡಿರುತ್ತದೆ. ಹಾಗಾಗಿ ಸಿಗುವುದು ನೂರು ಪಟ್ಟು ರಕ್ಷಣೆ ಮಾತ್ರ. 200 ಬೇಕಾದರೆ ಆರು ತಿಂಗಳಿಗೊಮ್ಮೆ ಪರೀಕ್ಷಿಸಲೇಬೇಕು. ಪರೀಕ್ಷೆ ಮುಗಿದ ಮೇಲೆ ಲಿವರನ್ನು ಮೊದಲಿನ ಜಾಗಕ್ಕೆ ತಂದು ಬೀಗ ಹಾಕುವುದೂ ಆ ಪರೀಕ್ಷೆಯ ಭಾಗವೇ.

ನಿಮ್ಮ ಕಾರ್ಖಾನೆಯ ಲೋಪಾ ಹಾಳೆ ಕೈಗೆ ಬಂದರೆ ಒಟ್ಟು ಮೊತ್ತವನ್ನು ಆಮೇಲೆ ನೋಡಿ. ಪ್ರತಿ ಪದರಕ್ಕೂ ಸಂಕೇತ ಯಾವ ಉಪಕರಣದಿಂದ ಬರುತ್ತದೆ, ಅದನ್ನು ಕಡೆಯದಾಗಿ ಪರೀಕ್ಷಿಸಿದ್ದು ಯಾವಾಗ ಎಂದು ಮೊದಲು ಕೇಳಿ.