ಸ್ಟ್ಯಾಂಡ್ ಫ್ಯಾನ್ ಕೆಳಕ್ಕೆ ಜಾರುತ್ತಿದೆಯೇ? ನಾಬ್ ಬಿಗಿ ಮಾಡೋ ಮುಂಚೆ ಬಿಚ್ಚಿ ನೋಡಿ

ಬೆಳಿಗ್ಗೆ ಎತ್ತರಕ್ಕೆ ಇಟ್ಟ ಫ್ಯಾನು ಮಧ್ಯಾಹ್ನದ ಹೊತ್ತಿಗೆ ಒಂದು ಗೇಣು ಕೆಳಗೆ ಬಂದಿರುತ್ತೆ. ನಾಬ್ ತಿರುಗಿಸಿದರೆ ತಿರುಗುತ್ತಲೇ ಇರುತ್ತೆ, ಹಿಡಿಯಲ್ಲ. ಬೇಸಿಗೆಯಲ್ಲಿ ಫ್ಯಾನ್ ರಿಪೇರಿ ಅಂಗಡಿಗಳಿಗೆ ಈ ದೂರು ಹೊತ್ತು ಬರುವವರು ಬಹಳ. ಜಾರುವುದೇನೋ ಸಣ್ಣ ವಿಷಯ ಅನಿಸಬಹುದು. ಆದರೆ ಮೋಟರ್, ಜಾಲರಿ ಸೇರಿ ಮೇಲ್ಭಾಗದ ಅಷ್ಟೂ ಭಾರ ಒಮ್ಮೆಲೇ ಇಳಿದರೆ ಪೈಪ್ ಹಿಡಿದ ಕೈಬೆರಳು ಮಧ್ಯೆ ಸಿಕ್ಕಿಕೊಳ್ಳುತ್ತೆ.

ಸ್ಟ್ಯಾಂಡಿನಲ್ಲಿ ಎರಡು ಪೈಪ್ ಇರುತ್ತವೆ. ಹೊರಗಿನದು ದಪ್ಪ, ಒಳಗಿನದು ಹೊಳೆಯುವ ತೆಳು ಪೈಪ್. ಎರಡೂ ಕೂಡುವ ಜಾಗದಲ್ಲಿ ಪ್ಲಾಸ್ಟಿಕ್ ತುಂಡೊಂದು ಇರುತ್ತೆ, ಅದನ್ನು ಕಾಲರ್ ಅಂತಾರೆ. ಹೆಚ್ಚಿನ ಫ್ಯಾನುಗಳಲ್ಲಿ ನಾಬಿನ ಬೋಲ್ಟ್ ಈ ಕಾಲರ್ ಮೂಲಕ ಒಳಗೆ ಹೋಗಿ ತುದಿಯಿಂದ ಒಳಪೈಪನ್ನು ಒತ್ತಿ ಹಿಡಿಯುತ್ತೆ. ಇಡೀ ಭಾರ ನಿಂತಿರುವುದು ಆ ಒತ್ತಡದ ಮೇಲೇ.

ಪರೀಕ್ಷೆಗೆ ಮುಂಚೆ ಪ್ಲಗ್ ತೆಗೆಯಿರಿ. ಫ್ಯಾನನ್ನು ಕೈಯಲ್ಲಿ ಹಿಡಿದೇ ಪೂರ್ತಿ ಕೆಳಗೆ ಇಳಿಸಿ, ಆಮೇಲೆ ನಾಬ್ ಬಿಚ್ಚಿ. ತಿರುಗಿಸದೆ ಎಳೆದರೇ ನಾಬ್ ಈಚೆ ಬಂತು ಅಂದ್ರೆ ಥ್ರೆಡ್ ಸವೆದಿದೆ. ಎಷ್ಟು ತಿರುಗಿಸಿದರೂ ಬಿಗಿಯೂ ಆಗಲ್ಲ, ಈಚೆಗೂ ಬರಲ್ಲ ಅಂದ್ರೆ ಪ್ಲಾಸ್ಟಿಕ್ಕಿನೊಳಗೆ ಕೂರಿಸಿದ ಲೋಹದ ನಟ್ ಸಡಿಲವಾಗಿ ಬೋಲ್ಟಿನ ಜೊತೆಗೇ ಸುತ್ತುತ್ತಿದೆ. ನಾಬ್ ಚೆನ್ನಾಗಿ ಬಿಗಿಯಾಗುತ್ತೆ, ಆದರೂ ಪೈಪ್ ಜಾರುತ್ತೆ ಅನ್ನುವುದಾದರೆ ಥ್ರೆಡ್ಡಿನ ತಪ್ಪಲ್ಲ. ಪೈಪಿಗೆ ಎಣ್ಣೆ ಅಂಟಿರಬಹುದು, ಬೋಲ್ಟಿನ ತುದಿ ಸವೆದಿರಬಹುದು, ಇಲ್ಲವೇ ಕಾಲರ್ ಬಿರುಕು ಬಿಟ್ಟಿರಬಹುದು. ಎಣ್ಣೆಯಾದರೆ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಕೆಲಸ ಮುಗೀತು. ಕೀಲಿಗೆ ಬಿಟ್ಟ ಎಣ್ಣೆ ಪೈಪಿಗೆ ಇಳಿದು ಹೀಗಾಗುವುದುಂಟು.

ಒಂದು ಟೈಲರ್ ಅಂಗಡಿಯ ಫ್ಯಾನನ್ನೇ ತಗೊಳ್ಳಿ. ಹೊಲಿಯೋರಿಗೊಂದು ಎತ್ತರ, ಕಟಿಂಗ್ ಟೇಬಲ್ಲಿಗೊಂದು ಎತ್ತರ ಅಂತ ದಿನಕ್ಕೆ ನಾಲ್ಕೈದು ಸಲ ಏರಿಸಿ ಇಳಿಸುತ್ತಿದ್ದರು. ಜಾರಲು ಶುರುವಾದ ಮೇಲೆ ಕೈಯಿಂದ ಸಾಲದು ಅಂತ ಇಕ್ಕಳ ಹಾಕಿ ಬಿಗಿ ಮಾಡಿದರು. ಎರಡು ವಾರ ನಿಂತಿತು. ಆಮೇಲೆ ನಾಬ್ ಸ್ವಲ್ಪ ಬಿಗಿಯಾಗುವುದು, 'ಕಟ್' ಅಂತ ಶಬ್ದ ಬಂದು ಮತ್ತೆ ಸಡಿಲ. ಬಿಚ್ಚಿ ನೋಡಿದರೆ ನಟ್ ಕೂತ ಗೂಡು ದುಂಡಗಾಗಿತ್ತು, ಅಲ್ಲಿಂದ ಕಾಲರಿನ ಅಂಚಿನವರೆಗೆ ಕೂದಲೆಳೆಯಷ್ಟು ಬಿರುಕು. ಅಂಟು ಹಾಕಿದ್ದೂ ಆಗಿತ್ತು. ಬಿಗಿ ಮಾಡಿದಾಗಲೆಲ್ಲ ಬೋಲ್ಟ್ ಕಾಲರನ್ನು ಹೊರಕ್ಕೆ ಹಿಗ್ಗಿಸುವುದರಿಂದ ಅಂಟು ಅಲ್ಲೇ ಬಿಟ್ಟುಕೊಳ್ಳುತ್ತೆ.

ಅವರು ಆ ದಿನಕ್ಕೆ ಮಾಡಿಕೊಂಡ ಉಪಾಯ ಚೆನ್ನಾಗಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನೀರಿನ ಪೈಪಿಗೆ ಹಾಕುವ ಹೋಸ್ ಕ್ಲಿಪ್ ಸಿಗುತ್ತಲ್ಲ, ಅದನ್ನು ಒಳಪೈಪಿನ ಅಳತೆಗೆ ತಂದರು. ಬೇಕಾದ ಎತ್ತರಕ್ಕೆ ಫ್ಯಾನ್ ಎತ್ತಿ ಒಬ್ಬರು ಹಿಡಿದುಕೊಂಡರು, ಇನ್ನೊಬ್ಬರು ಕಾಲರಿಗೆ ತಾಗುವಂತೆ ಅದರ ಮೇಲೆಯೇ ಕ್ಲಿಪ್ಪನ್ನು ಒಳಪೈಪಿಗೆ ಸುತ್ತಿ ಸ್ಕ್ರೂಡ್ರೈವರಿನಿಂದ ಬಿಗಿದರು. ಈಗ ಭಾರ ಕ್ಲಿಪ್ಪಿನ ಮೂಲಕ ಕಾಲರಿನ ಮೇಲೆ ಕೂರುತ್ತೆ, ಜಾರಲ್ಲ. ಆದರೆ ನಾಬ್ ಹಿಡಿಯದ ಕಾರಣ ಫ್ಯಾನಿನ ತಲೆ ಪಕ್ಕಕ್ಕೆ ತಿರುಗಿಬಿಡಬಹುದು. ಎತ್ತರ ಬದಲಿಸಬೇಕೆಂದರೆ ಪ್ರತಿ ಸಲ ಸ್ಕ್ರೂಡ್ರೈವರ್ ಹಿಡಿಯಬೇಕು. ಹಾಗಾಗಿ ಅದು ತಾತ್ಕಾಲಿಕ.

ಪೂರ್ತಿ ಪರಿಹಾರ ಹೊಸ ಕಾಲರ್, ಹೊಸ ನಾಬ್. 'ಆ ಕಂಪನಿದು ಕೊಡಿ' ಅಂತ ಕೇಳಿದರೆ ಸಾಲದು, ಒಂದೇ ಕಂಪನಿಯಲ್ಲೂ ಪೈಪಿನ ಅಳತೆ ಬೇರೆ ಬೇರೆ ಇರುತ್ತೆ. ಹಳೇ ತುಂಡನ್ನೇ ಒಯ್ಯಿರಿ, ಎರಡೂ ಪೈಪಿನ ಹೊರ ಅಳತೆ ಬರೆದುಕೊಳ್ಳಿ. ಹಾಕುವಾಗ ಮೊದಲು ಫ್ಯಾನಿನ ತಲೆ ಬಿಚ್ಚಿ ಪಕ್ಕಕ್ಕಿಡಿ, ಒಳಪೈಪ್ ಎಳೆದು ತೆಗೆಯಿರಿ, ಆಮೇಲೆ ಹಳೇ ಕಾಲರ್ ಬಿಡಿಸಿ.

ಕಾಲರ್ ಲೋಹದ್ದಾಗಿದ್ದರೆ ಬದಲಿಸುವುದೇ ಬೇಡ. 6 ಎಂಎಂ ಬೋಲ್ಟಿನ ಥ್ರೆಡ್ ಹೋಗಿದ್ದರೆ ಲೇತ್ ಅಂಗಡಿಯಲ್ಲಿ 6.8 ಎಂಎಂ ತೂತು ಕೊರೆದು 8 ಎಂಎಂ ಟ್ಯಾಪ್ ಹೊಡೆಸಿದರೆ ದಪ್ಪ ಬೋಲ್ಟ್ ಕೂರುತ್ತೆ. ಕಾಲರಿನ ಲೋಹ ಅಷ್ಟು ದಪ್ಪ ಇರಬೇಕು ಅಷ್ಟೇ. ಪ್ಲಾಸ್ಟಿಕ್ ಕಾಲರಿಗೆ ಇದನ್ನು ಮಾಡಿಸಬೇಡಿ, ಸೀಳಿಬಿಡುತ್ತೆ. ಕೆಲವರು ಎರಡೂ ಪೈಪಿಗೆ ಅಡ್ಡ ತೂತು ಕೊರೆದು ಮೊಳೆ ತೂರಿಸುತ್ತಾರೆ. ಕೆಲವು ಫ್ಯಾನಿನಲ್ಲಿ ವೈರ್ ಪೈಪಿನ ಒಳಗೇ ಹಾದಿರುತ್ತೆ, ಡ್ರಿಲ್ ಅದಕ್ಕೆ ತಾಗಿದರೆ ಸ್ಟ್ಯಾಂಡಿಗೇ ಕರೆಂಟ್ ಬರಬಹುದು.

ರಿಪೇರಿ ಆದ ಮೇಲೆ ಕಾಲರಿನ ಅಂಚಿಗೆ ಸರಿಯಾಗಿ ಒಳಪೈಪಿನ ಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ. ಫ್ಯಾನನ್ನು ಜೋರಿನಲ್ಲಿಟ್ಟು, ಎಡಬಲ ತಿರುಗಲು ಬಿಟ್ಟು ಹತ್ತು ನಿಮಿಷ ಓಡಿಸಿ. ಗೆರೆ ಕಾಲರಿನೊಳಗೆ ಮರೆಯಾಗದಿದ್ದರೆ ಹಿಡಿತ ಸರಿಯಿದೆ.

ಟೈಲರ್ ಅಂಗಡಿಯವರು ಇಕ್ಕಳ ಹಿಡಿಯೋ ಮುಂಚೆಯೇ ಇನ್ನೊಂದು ತಪ್ಪು ನಡೀತಿತ್ತು. ನಾಬನ್ನು ಅರ್ಧ ಸುತ್ತು ಸಡಿಲಿಸಿ ಫ್ಯಾನನ್ನು ಜಗ್ಗಿ ಎಳೆಯುತ್ತಿದ್ದರು. ಬೋಲ್ಟಿನ ತುದಿ ಪೈಪಿಗೆ ಉಜ್ಜಿ ಉಜ್ಜಿ ಸವೆದಿತ್ತು, ಪೈಪಿನ ಮೇಲೆ ಉದ್ದುದ್ದ ಗೀರು ಕಾಣುತ್ತಿತ್ತು. ಈಗ ಒಂದು ಕೈಯಲ್ಲಿ ಭಾರ ಹಿಡಿದು, ನಾಬನ್ನು ಎರಡು ಸುತ್ತು ಬಿಟ್ಟು, ಎತ್ತರ ಮಾಡಿ, ಬರೀ ಕೈಯಲ್ಲೇ ಬಿಗಿ ಮಾಡ್ತಾರೆ.