1,200 ರೂಪಾಯಿಯ ಬಣ್ಣಕ್ಕೆ 3,360ರ ಬಿಲ್

ಬೈತಲೆಯ ಎರಡೂ ಬದಿಗೆ ನರೆ ಇಣುಕಿತೆಂದು ನಮ್ಮಕ್ಕ ಬೆಂಗಳೂರಿನ ಒಂದು ಸಲೂನ್‌ಗೆ ಹೋದಳು. ಗೋಡೆಯ ಪಟ್ಟಿಯಲ್ಲಿ ‘ರೂಟ್ ಟಚ್‌ಅಪ್ 1,200ರಿಂದ’ ಎಂದಿತ್ತು. ಕೈಗೆ ಬಂದ ಬಿಲ್ 3,360 ರೂಪಾಯಿ. ಮೋಸವೇನೂ ಆಗಿರಲಿಲ್ಲ. ಆ ‘ರಿಂದ’ದೊಳಗೆ ಏನೇನಿದೆ ಎಂದು ಅವಳು ಕೇಳಿರಲಿಲ್ಲ, ಅಷ್ಟೆ.

ಬಿಲ್ಲನ್ನು ಬಿಡಿಸಿ ನೋಡಿದೆವು. ಸೀನಿಯರ್ ಸ್ಟೈಲಿಸ್ಟ್ ಕೂತಿದ್ದರಿಂದ 1,200 ಇದ್ದದ್ದು 1,500 ಆಯಿತು. ಅಮೋನಿಯಾ ಇಲ್ಲದ ಬ್ರ್ಯಾಂಡಿಗೆ 400. ಕೂದಲು ಹಾಳಾಗದಂತೆ ಬೆರೆಸುವ ಬಾಂಡ್ ಬಿಲ್ಡರ್‌ಗೆ 800. ತೊಳೆದು ಡ್ರೈಯರ್ ಹಿಡಿದದ್ದಕ್ಕೆ 500. ಒಟ್ಟು 3,200, ಅದರ ಮೇಲೆ ಶೇ. 5 ಜಿಎಸ್‌ಟಿ 160. (ಈ ತೆರಿಗೆ 2025ರ ಸೆಪ್ಟೆಂಬರ್ 21ರವರೆಗೆ ಶೇ. 18 ಇತ್ತು. ಈಗಲೂ ಹಳೆಯ ದರ ಹಾಕಿದ್ದರೆ ಕೇಳಿ.)

ಇವುಗಳಲ್ಲಿ ಅಕ್ಕನಿಗೆ ಬೇಕಿದ್ದದ್ದು ಯಾವುದು? ಬುಡದ ನರೆಗೆ ಹಿಂದಿನ ಶೇಡನ್ನೇ ಹಚ್ಚುವುದು ಒಳ್ಳೆಯ ಜೂನಿಯರ್‌ಗೂ ಬರುವ ಕೆಲಸ. ಸೀನಿಯರ್ ನಿಜವಾಗಿ ಬೇಕಾಗುವುದು ಗಾಢ ಬಣ್ಣವನ್ನು ತಿಳಿಗೊಳಿಸುವಾಗ, ಇಲ್ಲವೇ ಹಿಂದೆ ಮೆಹೆಂದಿ ಹಚ್ಚಿದ ಕೂದಲಿಗೆ ಕೈಹಾಕುವಾಗ. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿದರೆ ಕೂದಲು ತಿಳಿಯಾಗುವುದಿಲ್ಲ, ಮೊದಲು ಹಳೆಯದನ್ನು ತೆಗೆಯಬೇಕು. ಮೆಹೆಂದಿ ಪುಡಿಯಲ್ಲಿ ಲೋಹದ ಲವಣ ಬೆರೆತಿದ್ದರೆ, ಪೆರಾಕ್ಸೈಡ್ ತಾಗಿದಾಗ ಕೂದಲು ಬಿಸಿಯಾಗಿ ತುಂಡಾಗಬಹುದು. ಅನುಭವಿ ಕೈ ಮೊದಲು ಒಂದೆಳೆಯ ಮೇಲೆ ಪರೀಕ್ಷಿಸುತ್ತದೆ. ಹೆಚ್ಚಿನ ದುಡ್ಡು ಕೊಡುವುದು ಆ ಎಚ್ಚರಕ್ಕೆ.

ಅಮೋನಿಯಾ ಇಲ್ಲದ ಬಣ್ಣದಲ್ಲಿ ಘಾಟು ಕಡಿಮೆ, ನಿಜ. ಆದರೆ ಅಲರ್ಜಿ ತರುವ ಪಿಪಿಡಿ ಅದರಲ್ಲೂ ಇರಬಹುದು. ದುಬಾರಿ ಟ್ಯೂಬ್ ಎಂದು ನೆಚ್ಚಿಕೊಳ್ಳದೆ, 48 ಗಂಟೆ ಮೊದಲೇ ಕಿವಿಯ ಹಿಂದೆ ಚೂರು ಹಚ್ಚಿಸಿ ನೋಡಬೇಕು. ಬಟ್ಟಲಿಗೆ ಬೀಳುವುದು ಪಟ್ಟಿಯಲ್ಲಿರುವ ಬ್ರ್ಯಾಂಡೇ ಎಂದು ತಿಳಿಯಲು ಟ್ಯೂಬನ್ನು ಎದುರಿಗೇ ಹಿಂಡಲು ಹೇಳಿ. ಬುಡಕ್ಕಷ್ಟೇ ಆದರೆ 60 ಗ್ರಾಂ ಟ್ಯೂಬಿನಲ್ಲಿ ಸಾಮಾನ್ಯವಾಗಿ ಅರ್ಧ ಸಾಕು. ಸೊಂಟದವರೆಗಿನ ಜಡೆಗೆಲ್ಲ ಹಚ್ಚಿಸುವುದಾದರೆ ಮೂರ್ನಾಲ್ಕು ಟ್ಯೂಬ್ ಬೇಕಾದೀತು. ಉದ್ದ ಕೂದಲಿಗೆ ದರ ಏರುವುದು ಇದರಿಂದಲೇ.

ಬಾಂಡ್ ಬಿಲ್ಡರ್ ಬೆಲೆ ಬಾಳುವುದು ಬ್ಲೀಚ್ ಮಾಡುವಾಗ. ನರೆ ಮುಚ್ಚುವ ಈ ಹಗುರ ಕೆಲಸಕ್ಕೆ ಅದರ ಅಗತ್ಯ ನನಗಂತೂ ಕಾಣಲಿಲ್ಲ. “ಮೇಡಂ, ಹಾಕಲಾ?” ಎಂದು ಹುಡುಗಿ ಕೇಳಿದ್ದಳಂತೆ. ತಲೆಯ ಮೇಲೆ ಬಣ್ಣ ಹೊತ್ತು ಕೂತ ಅಕ್ಕ ಹೂಂ ಅಂದಿದ್ದಳು.

ಈ ತಿಂಗಳು ಅವಳು ಕುರ್ಚಿ ಹತ್ತುವ ಮೊದಲೇ ಯಾರು ಹಚ್ಚುತ್ತಾರೆ, ಯಾವ ಟ್ಯೂಬ್, ತೊಳೆಯುವುದು ಸೇರಿದೆಯೇ ಎಂದು ಕೇಳಿದಳು. ಜೂನಿಯರ್, ಅದೇ ಅಮೋನಿಯಾ ಇಲ್ಲದ ಬಣ್ಣ, ತೊಳೆದು ಒಣಗಿಸುವುದು: ತೆರಿಗೆ ಸೇರಿ 2,205.