ತಿಮ್ಮಪ್ಪನ ಮುಂದೆ ಒಂದು ಸೆಕೆಂಡಿಗೆ ಎಷ್ಟು?

ತಿರುಪತಿಗೆ ಹೋಗಿ ಬಂದವರನ್ನು ನಮ್ಮ ಕಡೆ ಈಗ ಮೊದಲು ಕೇಳುವುದು ‘ಎಷ್ಟು ಹೊತ್ತಾಯ್ತು?’ ಎಂದು. ಅದರ ಹಿಂದೆಯೇ ‘ಮುನ್ನೂರರದ್ದಾ, ಧರ್ಮದರ್ಶನವಾ?’ ಎಂಬ ಪ್ರಶ್ನೆ ಬರುತ್ತದೆ. ಲಡ್ಡಿನ ವಿಚಾರ ಆಮೇಲೆ. ಕೇಳುವವರಲ್ಲಿ ವ್ಯಂಗ್ಯವಿಲ್ಲ, ಹೇಳುವವರಿಗೆ ಬೇಸರವೂ ಇಲ್ಲ. ಬೆಟ್ಟದ ಮೇಲೆ ಅತಿ ಕಡಿಮೆ ಇರುವ ವಸ್ತು ಯಾವುದು ಎಂಬುದು ಎಲ್ಲರಿಗೂ ಗೊತ್ತಾಗಿಹೋಗಿದೆ. ಅಲ್ಲಿ ಅನ್ನಕ್ಕೆ ಕೊರತೆಯಿಲ್ಲ, ನೀರಿಗೆ ಕೊರತೆಯಿಲ್ಲ. ದೇವರೆದುರು ನಿಲ್ಲುವ ಹೊತ್ತಿಗೆ ಮಾತ್ರ ಬರ.

ಲೆಕ್ಕ ಸರಳವಾಗಿದೆ. ತಿರುಮಲೆಗೆ ಸಾಮಾನ್ಯ ದಿನಗಳಲ್ಲಿ ಎಪ್ಪತ್ತು ಸಾವಿರದ ಆಸುಪಾಸು ಜನ ಬರುತ್ತಾರೆ. ದಿನದಲ್ಲಿ 24 ಗಂಟೆ ಇದ್ದರೂ ಅಷ್ಟೂ ದರ್ಶನಕ್ಕೆ ಸಿಗುವುದಿಲ್ಲ. ನಸುಕಿನ ಸುಪ್ರಭಾತ, ತೋಮಾಲೆ, ಅರ್ಚನೆ, ನೈವೇದ್ಯದ ಗಂಟೆಗಳು, ನಡುರಾತ್ರಿ ದಾಟಿದ ಮೇಲಿನ ಏಕಾಂತ ಸೇವೆ, ಇವೆಲ್ಲ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಉದಾರವಾಗಿ 18 ಗಂಟೆ ಉಳಿಯಿತು ಎನ್ನೋಣ. ಅಂದರೆ 64,800 ಸೆಕೆಂಡು. ಒಬ್ಬರ ಹಿಂದೊಬ್ಬರು ನಿಂತು ನೋಡಿದರೆ ತಲೆಗೆ ಒಂದು ಸೆಕೆಂಡೂ ಬರುವುದಿಲ್ಲ. ‘ಜರಗಂಡಿ, ಜರಗಂಡಿ’ ಎಂದು ತೋಳು ಹಿಡಿದು ಸರಿಸುವವರನ್ನು ಬೈದುಕೊಂಡು ಬರುತ್ತೇವಲ್ಲ, ಅವರು ಮಾಡುತ್ತಿರುವುದು ಈ ಭಾಗಾಕಾರವನ್ನೇ.

ಹೊತ್ತನ್ನು ಹಿಗ್ಗಿಸಲು ಆಗದ ಮೇಲೆ ಆಡಳಿತ ದೂರವನ್ನು ಬದಲಿಸಿತು. ಹಿಂದೆ ಸಾಮಾನ್ಯ ಭಕ್ತರೂ ಗರ್ಭಗುಡಿಯ ಹೊಸ್ತಿಲಾದ ಕುಲಶೇಖರ ಪಡಿಯ ತನಕ ಹೋಗುತ್ತಿದ್ದರು. ಜನ ಹೆಚ್ಚಾದಂತೆ ‘ಲಘು ದರ್ಶನ’ ಬಂತು, ಆಮೇಲೆ ‘ಮಹಾಲಘು’ ಬಂತು. ಈಗ ಧರ್ಮದರ್ಶನದವರೂ ಮುನ್ನೂರು ರೂಪಾಯಿಯವರೂ ಸಾಮಾನ್ಯವಾಗಿ ಜಯವಿಜಯರ ಬಾಗಿಲ ಬಳಿಯಿಂದಲೇ ನೋಡಿ ತಿರುಗಬೇಕು. ಮುನ್ನೂರು ಕೊಟ್ಟವರಿಗೆ ಉಳಿಯುವುದು ವೈಕುಂಠಂ ಕಾಂಪ್ಲೆಕ್ಸಿನ ಕೋಣೆಗಳಲ್ಲಿ ಕಾಯುವ ಹೊತ್ತು. ದೇವರ ಹತ್ತಿರ ಹೋಗುವುದಕ್ಕೆ ಬೇರೆ ದಾರಿ ಬೇಕು. ಅದರ ಹೆಸರು ಬ್ರೇಕ್ ದರ್ಶನ.

ಬ್ರೇಕ್ ಟಿಕೆಟಿನ ಮುಖಬೆಲೆ 500 ರೂಪಾಯಿ, ಆದರೆ ಐನೂರು ಹಿಡಿದು ಕೌಂಟರಿಗೆ ಹೋದರೆ ಅದು ಸಿಗುವುದಿಲ್ಲ. ಶಾಸಕರದ್ದೋ ಸಂಸದರದ್ದೋ ಶಿಫಾರಸು ಪತ್ರ ಬೇಕು. ಇಲ್ಲವೇ ಶ್ರೀವಾಣಿ ಟ್ರಸ್ಟಿಗೆ 10,000 ರೂಪಾಯಿ ದೇಣಿಗೆ ಕೊಡಬೇಕು, ಅದರ ಮೇಲೆ ಟಿಕೆಟಿನ ಐನೂರು. ಆ ದೇಣಿಗೆಯಿಂದ ಹಿಂದುಳಿದ ಊರುಗಳಲ್ಲಿ, ದಲಿತ ಕಾಲೊನಿಗಳಲ್ಲಿ ಗುಡಿ ಕಟ್ಟಿಸುತ್ತಾರೆ. ಹತ್ತು ಸಾವಿರದ ಬೆಲೆಪಟ್ಟಿ ನೋಡಿ ಮೂಗು ಮುರಿಯುವವರು ಬಹಳ. ನನಗೆ ಮಾತ್ರ ಪತ್ರದ ದಾರಿಗಿಂತ ಇದೇ ಮೇಲು ಅನ್ನಿಸುತ್ತದೆ, ಇದಕ್ಕೆ ರಸೀದಿಯಾದರೂ ಇದೆ. ಪತ್ರಕ್ಕೆ ರಸೀದಿಯಿಲ್ಲದ ಕಾರಣಕ್ಕೇ ಅದು ದಲ್ಲಾಳಿಗಳ ಕೈಗೆ ಹೋಗುತ್ತದೆ. ಐನೂರರ ಟಿಕೆಟನ್ನು ಹಲವು ಸಾವಿರಕ್ಕೆ ಮಾರಿ ಸಿಕ್ಕಿಬಿದ್ದವರ ಸುದ್ದಿ ತಿರುಪತಿಯ ಪತ್ರಿಕೆಗಳಿಗೆ ಹೊಸದಲ್ಲ. 2019ರಲ್ಲಿ ಬ್ರೇಕ್ ಒಳಗೇ ಇದ್ದ ಎಲ್-1, ಎಲ್-2, ಎಲ್-3 ಎಂಬ ದರ್ಜೆಗಳನ್ನು ತೆಗೆದುಹಾಕಿದರು. ದರ್ಜೆಗಳು ಹೋದವು, ಪತ್ರಗಳು ಉಳಿದವು. ಮೇಲಿನ ಲೆಕ್ಕದಲ್ಲೇ ನೋಡಿದರೆ, ಬ್ರೇಕ್‌ಗೆಂದು ಸಾಮಾನ್ಯರ ಸಾಲನ್ನು ಒಂದು ಗಂಟೆ ನಿಲ್ಲಿಸಿದಾಗ ಸುಮಾರು ನಾಲ್ಕು ಸಾವಿರ ಜನರ ಸರದಿ ಹಿಂದಕ್ಕೆ ಹೋಗುತ್ತದೆ.

ಇದನ್ನೆಲ್ಲ ಹುಂಡಿ ತುಂಬಿಸಲು ಮಾಡುತ್ತಾರೆ ಎಂದುಕೊಳ್ಳುವುದು ಸುಲಭ. ಟಿಟಿಡಿಯ ಬಜೆಟ್ ಬೇರೆಯದೇ ಹೇಳುತ್ತದೆ. 2025–26ರ ಅಂದಾಜು ಸುಮಾರು 5,258 ಕೋಟಿ ರೂಪಾಯಿ. ಅದರಲ್ಲಿ ಹುಂಡಿಯದ್ದು 1,729 ಕೋಟಿ, ಬ್ಯಾಂಕ್ ಠೇವಣಿಗಳ ಬಡ್ಡಿ 1,310 ಕೋಟಿ. ದರ್ಶನದ ಟಿಕೆಟುಗಳಿಂದ ನಿರೀಕ್ಷಿಸಿದ್ದು ಬರೀ 310 ಕೋಟಿ, ಅಂದರೆ ನೂರಕ್ಕೆ ಆರು. ಟಿಕೆಟನ್ನೇ ತೆಗೆದುಹಾಕಿದರೂ ದೇವಸ್ಥಾನ ಬಡವಾಗುವುದಿಲ್ಲ. ಹಾಗಾದರೆ ಟಿಕೆಟ್ ಏಕೆ? ಸಾಲನ್ನು ಸಂಭಾಳಿಸಲು ಅದು ಅನುಕೂಲ. ಜೊತೆಗೆ ಅಧಿಕಾರದಲ್ಲಿರುವವರಿಗೆ ತಮ್ಮವರಿಗೆ ಕೊಡಲು ಒಂದು ಉಡುಗೊರೆ ಬೇಕು. ತಿರುಪತಿಯ ಪತ್ರದಷ್ಟು ಅಗ್ಗವಾದ, ಪಡೆದವರು ಅಷ್ಟು ದಿನ ನೆನೆಯುವ ಉಡುಗೊರೆ ಇನ್ನೊಂದಿಲ್ಲ.

ದುಡ್ಡಿಲ್ಲದ ಟೋಕನ್ನಿಗೂ ಇದೇ ಗತಿ. ವೈಕುಂಠ ಏಕಾದಶಿಯ ಉತ್ತರ ದ್ವಾರ ಹಿಂದೆ ಎರಡು ದಿನ ತೆರೆಯುತ್ತಿತ್ತು. 2020ರಿಂದ ಹತ್ತು ದಿನ ತೆರೆಯುತ್ತಾರೆ. ಜನ ಹಂಚಿಹೋಗಲಿ ಎಂಬುದೇ ಉದ್ದೇಶ. ಆದರೆ ಹತ್ತು ದಿನದ ದರ್ಶನಕ್ಕೆ ಟೋಕನ್ ಕೊಡುವ ಮೊದಲ ರಾತ್ರಿಯೇ ಎಲ್ಲರೂ ಬಂದು ಸೇರಿದರು. 2025ರ ಜನವರಿ 8ರಂದು ತಿರುಪತಿ ಪೇಟೆಯ ಟೋಕನ್ ಕೇಂದ್ರದ ಹೊರಗೆ ಕಾಲ್ತುಳಿತವಾಗಿ ಆರು ಮಂದಿ ಸತ್ತರು. ಅವರಿನ್ನೂ ಬೆಟ್ಟ ಹತ್ತಿರಲಿಲ್ಲ.

ಇನ್ನು ಹೊಸ್ತಿಲ ಆಚೆ ಇರುವವರ ಕಥೆ. ತಿರುಮಲೆಯಲ್ಲಿ ಪೂಜೆ ವೈಖಾನಸ ಆಗಮದ್ದು. ನಾಲ್ಕು ಮನೆತನಗಳ ಅರ್ಚಕರು ಸರದಿಯಂತೆ ಮಾಡಿಕೊಂಡು ಬಂದ ಕೆಲಸ. ಈ ಹಕ್ಕಿಗೆ ಮಿರಾಸಿ ಎನ್ನುತ್ತಿದ್ದರು. ಸಂಬಳವಿರಲಿಲ್ಲ, ದೇವರಿಗೆ ಒಪ್ಪಿಸಿದ ಪ್ರಸಾದದಲ್ಲಿ ಪಾಲು ಇತ್ತು. ಲಡ್ಡು, ವಡೆಗಳ ಆ ಪಾಲನ್ನು ಅವರು ಮಾರಿಕೊಳ್ಳಬಹುದಿತ್ತು. ಯಾತ್ರಿಕರು ಬೆರಳೆಣಿಕೆಯಷ್ಟಿದ್ದಾಗ ಅದು ಹೊಟ್ಟೆಪಾಡು. 1944ರಲ್ಲಿ ಘಾಟಿ ರಸ್ತೆ ಆಗಿ, ಬಸ್ಸು ಬಂದು, ಜನ ಸಾವಿರಗಟ್ಟಲೆ ಏರತೊಡಗಿದ ಮೇಲೆ ಅದೇ ಪಾಲು ದೊಡ್ಡ ಆಸ್ತಿಯಾಯಿತು. ಎನ್.ಟಿ. ರಾಮರಾವ್ ಸರ್ಕಾರ 1987ರ ಕಾಯ್ದೆಯಲ್ಲಿ ವಂಶಪಾರಂಪರ್ಯ ಹಕ್ಕುಗಳನ್ನು ರದ್ದು ಮಾಡಿತು. 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪೂಜೆ ಧರ್ಮದ ವಿಷಯ, ಪೂಜಾರಿಯ ನೇಮಕ ಲೌಕಿಕ ವಿಷಯ ಎಂಬುದು ತೀರ್ಪಿನ ಸಾರ.

ಮಿರಾಸಿ ಪದ್ಧತಿಗೆ ಅಳುವವರಲ್ಲಿ ನಾನಿಲ್ಲ. ಕೆಲವೇ ಮನೆಗಳ ಕೈಯಲ್ಲಿ ಅಷ್ಟು ದೊಡ್ಡ ಆದಾಯ ಕೂಡಿಬೀಳುವುದನ್ನು ಯಾವ ಸರ್ಕಾರವೂ ಬಹುಕಾಲ ನೋಡುತ್ತ ಕೂರುತ್ತಿರಲಿಲ್ಲ. ಆದರೆ ಬದಲಾದದ್ದು ಆದಾಯವೊಂದೇ ಅಲ್ಲ. ಸಂಬಳದ ಅರ್ಚಕ ನೌಕರನಾದ, ಅಧಿಕಾರಿಯ ವೇಳಾಪಟ್ಟಿಗೆ ‘ಇದು ಶಾಸ್ತ್ರಕ್ಕೆ ಸಲ್ಲದು’ ಎನ್ನುವ ಅವನ ದನಿ ಕುಗ್ಗಿತು. 2007ರಲ್ಲಿ ಕಾಯ್ದೆ ತಿದ್ದಿ ಹಳೆಯ ಮನೆತನಗಳಿಗೆ ನೇಮಕದಲ್ಲಿ ಮತ್ತೆ ಸ್ವಲ್ಪ ಜಾಗ ಕೊಟ್ಟರು. 2018ರಲ್ಲಿ ಆಡಳಿತ ಮಂಡಳಿ ಅರ್ಚಕರಿಗೂ 65ಕ್ಕೆ ನಿವೃತ್ತಿ ಎಂದು ನಿರ್ಣಯಿಸಿದಾಗ ಜಗಳ ಬೀದಿಗೆ ಬಂತು, ಕೋರ್ಟಿಗೂ ಹೋಯಿತು.

ಅರ್ಚಕರ ಮಾತು ನಡೆದ ಒಂದು ಪ್ರಸಂಗ ಇದೆ, ಅದು ಗಮನಕ್ಕೆ ಅರ್ಹ. ಭಕ್ತರು ದುಡ್ಡು ಕಟ್ಟಿ ಮಾಡಿಸುವ ಆರ್ಜಿತ ಸೇವೆಗಳಲ್ಲಿ ವಸಂತೋತ್ಸವ, ಸಹಸ್ರ ಕಲಶಾಭಿಷೇಕ, ವಿಶೇಷ ಪೂಜೆ ಇದ್ದವು. ವರ್ಷಕ್ಕೊಮ್ಮೆ ಆಗಬೇಕಾದ ಉತ್ಸವ, ಕೇಳುವವರಿದ್ದಾರೆಂದು ದಿನವೂ ನಡೆಯುತ್ತಿತ್ತು. ಉತ್ಸವಮೂರ್ತಿಗಳು ಪಂಚಲೋಹದವು, ಬಹಳ ಹಳೆಯವು. ಹಾಲು, ಮೊಸರು, ಅರಿಶಿನ, ಗಂಧ ಹಚ್ಚಿ ಮತ್ತೆ ಮತ್ತೆ ತೊಳೆದರೆ ಸವೆಯದೆ ಇರುತ್ತವೆಯೇ? ಮೂರ್ತಿಗಳು ಸವೆಯುತ್ತಿವೆ ಎಂದು ಅರ್ಚಕರೂ ಆಗಮ ಪಂಡಿತರೂ ಎಚ್ಚರಿಸಿದ ಮೇಲೆ, ಕೆಲವು ವರ್ಷಗಳ ಹಿಂದೆ ಆ ಸೇವೆಗಳನ್ನು ವರ್ಷಕ್ಕೊಮ್ಮೆಗೆ ಇಳಿಸಿದರು. ಸೇವೆಯ ಮಾರಾಟಕ್ಕೆ ಮಿತಿ ಹಾಕಿದ್ದು ಕೊನೆಗೂ ಲೋಹ.

ಲಡ್ಡಿನ ವಿಷಯ ಕನ್ನಡಿಗರಿಗೆ ಹತ್ತಿರದ್ದು. ದಿನಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಲಡ್ಡು ಕಟ್ಟುತ್ತಾರೆ. 2009ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಅಂದರೆ ಪ್ರಸಾದಕ್ಕೆ ಕಾನೂನಿನ ಮುದ್ರೆ. ಈಗ ದರ್ಶನ ಮಾಡಿದವರಿಗೆ ಒಂದು ಉಚಿತ, ಮೇಲೆ ಬೇಕಾದರೆ ಒಂದಕ್ಕೆ 50 ರೂಪಾಯಿ. ಇಷ್ಟಕ್ಕೆ ದಿನಕ್ಕೆ ಸುಮಾರು ಹತ್ತು ಟನ್ ತುಪ್ಪ ಬೇಕು. ಹತ್ತು ಟನ್ ಎಂದ ಮೇಲೆ ಅಡುಗೆಮನೆಯ ಮಾತು ಮುಗಿದು ಟೆಂಡರಿನ ಮಾತು ಶುರುವಾಗುತ್ತದೆ. ಕಡಿಮೆ ದರ ಕೂಗಿದವರಿಗೆ ಗುತ್ತಿಗೆ. ವರ್ಷಗಳ ಕಾಲ ನಂದಿನಿ ತುಪ್ಪ ಕೊಟ್ಟಿದ್ದ ಕೆಎಂಎಫ್ 2023ರಲ್ಲಿ ಆ ದರಕ್ಕೆ ಗುಣಮಟ್ಟದ ತುಪ್ಪ ಕೊಡಲಾಗದು ಎಂದು ಹೊರಗುಳಿಯಿತು, 2024ರಲ್ಲಿ ಮತ್ತೆ ಪೂರೈಕೆ ಆರಂಭಿಸಿತು. ಆ ಸೆಪ್ಟೆಂಬರಿನಲ್ಲೇ ಹಿಂದಿನ ತುಪ್ಪದಲ್ಲಿ ಕಲಬೆರಕೆಯ ಆರೋಪ ಕೇಳಿಬಂದು, ಸುಪ್ರೀಂ ಕೋರ್ಟ್ ವಿಶೇಷ ತನಿಖಾ ತಂಡ ರಚಿಸಬೇಕಾಯಿತು. ರಾಜಕೀಯದ ಕೂಗಾಟದಲ್ಲಿ ಒಂದು ಸಣ್ಣ ಸಂಗತಿ ಯಾರ ಕಿವಿಗೂ ಬೀಳಲಿಲ್ಲ: ಮಾರುಕಟ್ಟೆಯ ದರಕ್ಕಿಂತ ಬಹಳ ಕೆಳಗೆ ತುಪ್ಪ ಸಿಗುತ್ತಿದ್ದರೆ ಅನುಮಾನಕ್ಕೆ ಪ್ರಯೋಗಾಲಯ ಬೇಕಿಲ್ಲ, ಬೆಲೆಯೇ ಸಾಕು.

ವ್ಯಾಪಾರಿಗಳಿಗೆ ಬೆಟ್ಟ ಬೇರೆ ಯಾತ್ರಾಸ್ಥಳಗಳಂತಲ್ಲ. ಅಲ್ಲಿ ಹೂವೆಲ್ಲ ಸ್ವಾಮಿಗೇ ಮೀಸಲು, ಹೆಂಗಸರು ಮುಡಿಯುವಂತಿಲ್ಲ. ಹಾಗಾಗಿ ಬೇರೆ ಗುಡಿಗಳ ಮುಂದೆ ಕಾಣುವ ಹೂವಾಡಗಿತ್ತಿಯರ ಸಾಲು ಇಲ್ಲಿಲ್ಲ. 1985ರಿಂದ ಅನ್ನದಾನ ನಡೆಯುತ್ತಿದೆ, ಹೋಟೆಲಿನವರು ಉಚಿತ ಊಟದೊಡನೆ ಸ್ಪರ್ಧಿಸಬೇಕು. ಮುಡಿ ಕೊಡುವುದಕ್ಕೂ ಕಾಸಿಲ್ಲ, ಟೋಕನ್ ಜೊತೆ ಬ್ಲೇಡನ್ನೂ ಕಲ್ಯಾಣಕಟ್ಟೆಯಲ್ಲೇ ಕೊಡುತ್ತಾರೆ. ಆ ಕೂದಲನ್ನು ಉದ್ದದ ಪ್ರಕಾರ ವಿಂಗಡಿಸಿ ಹರಾಜು ಹಾಕುವುದು ಟಿಟಿಡಿ. ಅಂಗಡಿಯವರ ಪಾಲಿಗೆ ಪಟ, ಕುಂಕುಮ, ಕೈದಾರ, ಮಕ್ಕಳ ಆಟಿಕೆ ಉಳಿದವು. ಅದನ್ನು ಮಾರಲೂ ದೇವಸ್ಥಾನದ ಲೈಸೆನ್ಸ್ ಬೇಕು, ನೆಲವೂ ದೇವಸ್ಥಾನದ್ದೇ.

ಹಿಂದೆ ಮಹಾದ್ವಾರದ ಎದುರಿಗೇ ಊರಿತ್ತು. ಸನ್ನಿಧಿ ಬೀದಿಯಲ್ಲೂ ನಾಲ್ಕು ಮಾಡ ಬೀದಿಗಳಲ್ಲೂ ಮನೆ, ಮಠ, ಛತ್ರ, ಅಂಗಡಿ ಒತ್ತಿಕೊಂಡಿದ್ದವು. ಬಾಗಿಲು ತೆರೆದರೆ ಗೋಪುರ ಕಾಣುವ ಮನೆಗಳವು. ಮಾಸ್ಟರ್ ಪ್ಲಾನ್ ಬಂದು ಬೀದಿಗಳನ್ನು ಅಗಲ ಮಾಡಿದರು, 2003ರಲ್ಲಿ ಸಾವಿರ ಕಂಬದ ಮಂಟಪವನ್ನೂ ಕೆಡವಿದರು. ಇಂದು ಬ್ರಹ್ಮೋತ್ಸವದ ಗರುಡಸೇವೆಗೆ ಲಕ್ಷಾಂತರ ಜನ ಗ್ಯಾಲರಿಯಲ್ಲಿ ಕೂತು ನೋಡುವುದು ಆ ಖಾಲಿ ಮಾಡಿದ ಜಾಗದಿಂದಲೇ. ಆ ಅನುಕೂಲವನ್ನು ನಾನು ಅಲ್ಲಗಳೆಯಲಾರೆ, ಇಕ್ಕಟ್ಟಿನ ಬೀದಿಯಲ್ಲಿ ಅಷ್ಟು ಜನ ಸೇರಿದ್ದರೆ ಏನಾಗುತ್ತಿತ್ತೋ. ಆದರೆ ಊರಿನವರನ್ನು ಗುಡಿಯಿಂದ ದೂರದ ಬಾಲಾಜಿ ನಗರಕ್ಕೆ ಕಳಿಸಿದರು. ಹಾಗೆ ಹೋದವರಿಗೂ ಕೆಳಗಿನ ತಿರುಪತಿಯವರಿಗೂ ಒಂದು ಸ್ಥಳೀಯ ಕೋಟಾ ಇತ್ತು, ಅದು ನಡುವೆ ನಿಂತುಹೋಗಿ 2024ರ ಡಿಸೆಂಬರಿನಲ್ಲಿ ಮತ್ತೆ ಶುರುವಾಯಿತು. ತಿಂಗಳ ಮೊದಲ ಮಂಗಳವಾರ ಅವರಿಗೆ ದರ್ಶನ. ಅದಕ್ಕೆ ಹಿಂದಿನ ಭಾನುವಾರ ಬಾಲಾಜಿ ನಗರದ ಸಮುದಾಯ ಭವನಕ್ಕೆ ಹೋಗಿ, ತಾವು ತಿರುಮಲೆಯವರೇ ಎಂದು ಆಧಾರ್ ಕಾರ್ಡ್ ತೋರಿಸಿ ಟೋಕನ್ ಪಡೆಯಬೇಕಿತ್ತು.